ಗೇಮ್ ಅಕೌಂಟಿನ ದುಡ್ಡು ವಿಡ್ರಾ ಆಗ್ತಿಲ್ವಾ? ಬ್ಯಾಂಕಲ್ಲಿರೋ ಹೆಸರು ಸರಿ ಮಾಡ್ಕೊಳ್ಳೋ ಪೂರ್ತಿ ವಿಧಾನ

ಭೋಸರಿ, ಚಾಕಣ್ ಕಡೆ ಕಂಪನಿಗಳಲ್ಲಿ ಕೆಲಸ ಮಾಡೋ ನಮ್ಮ ಹುಡುಗ್ರು, ಡೊಂಬಿವಲಿಯವ್ರು, ಗೋವಾದ ವಾಸ್ಕೋ, ಝುವಾರಿನಗರದವ್ರು, ಎಲ್ಲರ ಕಡೆಯಿಂದ ಒಂದೇ ಪ್ರಶ್ನೆ ಬರ್ತಾ ಇದೆ. ರಮ್ಮಿ ಆ್ಯಪಲ್ಲೋ ಫ್ಯಾಂಟಸಿ ಕ್ರಿಕೆಟ್ ಆ್ಯಪಲ್ಲೋ ಹಳೇ ದುಡ್ಡು ಉಳಿದಿದೆ, ವಿಡ್ರಾ ಹಾಕಿದ್ರೆ ರಿಜೆಕ್ಟ್ ಆಗಿ ವಾಪಸ್ ವ್ಯಾಲೆಟ್ಟಿಗೇ ಬರತ್ತೆ, ಮತ್ತೆ ಹಾಕ್ತಾರೆ, ಮತ್ತೆ ರಿಜೆಕ್ಟ್, ಕೊನೆಗೆ ಅಕೌಂಟೇ ಲಾಕ್. ಹೀಗೆ ಕೇಳಿದವ್ರಲ್ಲಿ ಹೆಚ್ಚಿನವ್ರದು ಒಂದೇ ಕಾರಣ: ಪ್ಯಾನ್ ಕಾರ್ಡಲ್ಲಿರೋ ಹೆಸರು ಬೇರೆ, ಬ್ಯಾಂಕ್ ಕಂಪ್ಯೂಟರಲ್ಲಿರೋ ಹೆಸರು ಬೇರೆ.

ಶುರು ಮಾಡೋ ಮುಂಚೆ ಒಂದು ವಿಷಯ ನೇರವಾಗಿ ಹೇಳ್ತೀನಿ. ದುಡ್ಡು ಹಾಕಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು, ಆವಾಗಿಂದ ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿ, ಉಳಿದ ಬ್ಯಾಲೆನ್ಸ್ ವಾಪಸ್ ತಗೊಳ್ಳಿ ಅಂತ ಹೇಳಿದ್ವು. ಈ ಬರಹ ಇರೋದು ಹಾಗೆ ಸಿಕ್ಕಾಕೊಂಡಿರೋ ನಿಮ್ಮದೇ ದುಡ್ಡು ಹೊರಗೆ ತರೋದಕ್ಕೆ ಮಾತ್ರ. ಹೊಸದಾಗಿ ದುಡ್ಡು ಹಾಕೋಕಲ್ಲ, ಟೆಲಿಗ್ರಾಂ ಲಿಂಕಲ್ಲಿ ಬರೋ ವಿದೇಶಿ ಬೆಟ್ಟಿಂಗ್ ಸೈಟುಗಳಿಗಂತೂ ಅಲ್ವೇ ಅಲ್ಲ.

## ಕೈಯಲ್ಲಿ ಏನೇನಿರ್ಬೇಕು

ಪ್ಯಾನ್ ಕಾರ್ಡ್, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಬ್ಯಾಂಕಿಗೂ ಗೇಮ್ ಅಕೌಂಟಿಗೂ ಕೊಟ್ಟಿರೋ ಮೊಬೈಲ್ ನಂಬರ್ ಚಾಲೂ ಇರೋ ಫೋನು, ರಿಜೆಕ್ಟ್ ಮೆಸೇಜಿನ ಸ್ಕ್ರೀನ್‌ಶಾಟು. ಊರಿಂದ ಬಂದ್ಮೇಲೆ ಸಿಮ್ ಬದಲಿಸಿ ಹಳೇ ನಂಬರ್ ಬಿಟ್ಟಿದ್ರೆ ಮೊದ್ಲು ಬ್ರಾಂಚಿಗೆ ಹೋಗಿ ನಂಬರ್ ಬದಲಾಯಿಸ್ಕೊಳ್ಳಿ, ಓಟಿಪಿ ಬರ್ದೇ ಇದ್ರೆ ಮುಂದಿನ ಒಂದು ಹೆಜ್ಜೆನೂ ಆಗಲ್ಲ.

ಮತ್ತೆ ಇವತ್ತಿಂದ ವಿಡ್ರಾ ಬಟನ್ ಒತ್ತೋದು ನಿಲ್ಲಿಸಿ. ಎಲ್ಲರೂ ಮಾಡೋ ಮೊದಲ ತಪ್ಪೇ ಇದು. ಹೆಸರು ಹೊಂದದೇ ಇರೋವಾಗ ಪದೇ ಪದೇ ಹಾಕಿದ್ರೆ ಹಲವು ಕಂಪನಿಗಳ ಸಿಸ್ಟಮ್ ಅದನ್ನ ಅನುಮಾನದ ಲೆಕ್ಕಕ್ಕೆ ತಗೊಂಡು ವಿಡ್ರಾನೇ ಬಂದ್ ಮಾಡತ್ತೆ, ಆಮೇಲೆ ಹೆಸರು ಸರಿ ಹೋದ್ರೂ ಅದನ್ನ ತೆಗೆಸೋಕೆ ಬೇರೆ ಓಡಾಟ.

## ಹಂತ 1: ಇದು ಹೆಸರಿನ ತಕರಾರೇನಾ ಅಂತ ಖಾತ್ರಿ ಮಾಡ್ಕೊಳ್ಳಿ

ರಿಜೆಕ್ಟ್ ಆದ ತಕ್ಷಣ ಜನ ಬ್ಯಾಂಕಿಗೆ ಹೋಗಿ ಜಗಳ ಮಾಡ್ತಾರೆ, ಬ್ಯಾಂಕಿನವ್ರು ನಮ್ಮ ಕಡೆ ಏನೂ ಬಂದೇ ಇಲ್ಲ ಅಂತಾರೆ. ಅವ್ರು ಹೇಳೋದು ನಿಜಾನೇ. ನಮ್ಮ ದೇಶದಲ್ಲಿ ನೆಫ್ಟ್, ಐಎಂಪಿಎಸ್ ದುಡ್ಡು ಜಮಾ ಆಗೋದು ಅಕೌಂಟ್ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಹೆಸರು ಹೊಂದಲ್ಲ ಅಂತ ತಡೆಯೋದು ಗೇಮ್ ಕಂಪನಿ, ಅದೂ ದುಡ್ಡು ಕಳಿಸೋಕೆ ಮುಂಚೇನೇ.

ಅವ್ರು ಮಾಡೋದು ಹೀಗೆ. ನೀವು ಅಕೌಂಟ್ ನಂಬರ್ ಮತ್ತೆ ಐಎಫ್‌ಎಸ್‌ಸಿ ಹಾಕಿದಾಗ ಒಂದು ರೂಪಾಯಿ ನಿಮ್ಮ ಅಕೌಂಟಿಗೆ ಐಎಂಪಿಎಸಲ್ಲಿ ಕಳಿಸ್ತಾರೆ, ಇದನ್ನ ಪೆನ್ನಿ ಡ್ರಾಪ್ ಅಂತಾರೆ. ಆ ರೂಪಾಯಿ ಜಮಾ ಆದಾಗ ನಿಮ್ಮ ಬ್ಯಾಂಕು ಉತ್ತರದ ಜೊತೆ ಖಾತೆದಾರರ ಹೆಸರು ವಾಪಸ್ ಕಳಿಸತ್ತೆ. ಆ ಹೆಸರನ್ನ ಕಂಪನಿಯ ಸಾಫ್ಟ್‌ವೇರ್ ನಿಮ್ಮ ಪ್ಯಾನ್ ಹೆಸರಿನ ಜೊತೆ ಹೋಲಿಸಿ ಎಷ್ಟು ಹೊಂದತ್ತೆ ಅಂತ ಒಂದು ಅಂಕ ಕೊಡತ್ತೆ. ಅಂಕ ಜಾಸ್ತಿ ಬಂದ್ರೆ ತಾನಾಗೇ ಪಾಸು, ನಡುಮಧ್ಯ ಬಂದ್ರೆ ಒಬ್ಬ ಮನುಷ್ಯ ಕೂತು ನೋಡ್ತಾನೆ, ಕಡಿಮೆ ಬಂದ್ರೆ ರಿಜೆಕ್ಟು. ಗೇಮಲ್ಲಿ ನೀವು ಇಟ್ಕೊಂಡಿರೋ ಯೂಸರ್‌ನೇಮಿಗೂ ಇದಕ್ಕೂ ಸಂಬಂಧ ಇಲ್ಲ, ಅದನ್ನ ಬದಲಾಯಿಸಿ ಏನೂ ಪ್ರಯೋಜನ ಇಲ್ಲ.

ಹಾಗಾಗಿ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಅಕೌಂಟ್ ಡೀಟೇಲ್ಸ್ ಹಾಕಿದ ದಿನ ಒಂದು ರೂಪಾಯಿ ಜಮಾ ಆಗಿದೆಯಾ ನೋಡಿ. ಬಂದಿದ್ರೆ ನಂಬರ್ರೂ ಐಎಫ್‌ಎಸ್‌ಸಿನೂ ಸರಿ ಇದೆ ಅಂತ ಅರ್ಥ, ಉಳಿದಿರೋದು ಹೆಸರಿನ ತಕರಾರು ಮಾತ್ರ. ಬಂದಿಲ್ಲ ಅಂದ್ರೆ ಹೆಸರಿನ ತನಕ ವಿಷಯ ಹೋಗೇ ಇಲ್ದೇ ಇರಬಹುದು. ಕೆಲವು ಕಂಪನಿ ರೂಪಾಯಿ ಕಳಿಸದೇನೂ ಹೆಸರು ತರಿಸ್ಕೊಳ್ತಾರೆ, ಅದಕ್ಕೆ ರಿಜೆಕ್ಟ್ ಮೆಸೇಜನ್ನೂ ಜೊತೆಗೆ ಓದಿ. `Name mismatch` ಅಂತಲೋ `Beneficiary name does not match` ಅಂತಲೋ ಇದ್ರೆ ಇದೇ ರೋಗ. `Invalid IFSC` ಅಂತ ಇದ್ರೆ ಬೇರೆ.

ಐಎಫ್‌ಎಸ್‌ಸಿ ವಿಷಯ ನಮ್ಮವ್ರಿಗೆ ಸ್ವಲ್ಪ ಜಾಸ್ತೀನೇ ಹೇಳ್ಬೇಕು, ಯಾಕಂದ್ರೆ ಊರಲ್ಲಿ ತೆಗೆಸಿದ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನ ಹಳೇ ಪಾಸ್‌ಬುಕ್ಕು ಇನ್ನೂ ತುಂಬಾ ಜನರ ಪೆಟ್ಟಿಗೇಲಿದೆ. ವಿಜಯಾ 2019ರ ಏಪ್ರಿಲಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರ್ತು, ಸಿಂಡಿಕೇಟ್ 2020ರ ಏಪ್ರಿಲಲ್ಲಿ ಕೆನರಾಗೆ, ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. `SYNB` ಇಂದ ಶುರುವಾಗೋ ಕೋಡು 2021ರ ಜುಲೈ 1ರಿಂದ ನಡೆಯಲ್ಲ. ಆ ಪಾಸ್‌ಬುಕ್ಕಿನ ಕೋಡ್ ನೋಡಿ ಟೈಪ್ ಮಾಡಿದವ್ರು ಹೆಸರು ಬದಲಿಸೋಕೆ ಓಡಾಡೋದು ಬೇಡ, ಬ್ರಾಂಚಲ್ಲಿ ಹೊಸ ಕೋಡ್ ಕೇಳಿದ್ರೆ ಸಾಕು.

## ಹಂತ 2: ಮೂರು ಕಡೆ ಹೆಸರು ಹೇಗಿದೆ ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ

ಇದನ್ನ ಯಾರೂ ಮಾಡಲ್ಲ. ನನ್ನ ಹೆಸರು ನಂಗೆ ಗೊತ್ತಿಲ್ವಾ ಅಂತಾರೆ. ಆದ್ರೆ ಇಲ್ಲಿ ಬೇಕಾಗಿರೋದು ನಿಮ್ಮ ಹೆಸರಲ್ಲ, ಪ್ರತಿಯೊಂದು ಕಂಪ್ಯೂಟರಲ್ಲಿ ಅದನ್ನ ಹೇಗೆ ಟೈಪ್ ಮಾಡಿದ್ದಾರೆ ಅನ್ನೋದು.

ಮೊದಲನೇದು ಪ್ಯಾನ್. ಕಾರ್ಡ್ ಮೇಲೆ ಅಚ್ಚಾಗಿರೋದನ್ನ ಅಕ್ಷರ ಅಕ್ಷರ ನೋಡಿ ಬರ್ಕೊಳ್ಳಿ. ಎರಡನೇದು ಆಧಾರ್, ಅದನ್ನೂ ಹಾಗೇ, ಇಂಗ್ಲಿಷಲ್ಲಿರೋ ಸಾಲು ಮಾತ್ರ.

ಮೂರನೇದು ಬ್ಯಾಂಕು, ಇಲ್ಲಿ ಪಾಸ್‌ಬುಕ್ ನೋಡಿ ನಂಬ್ಬೇಡಿ. ಪಾಸ್‌ಬುಕ್ಕಿನ ಮೊದಲ ಪುಟ ಕೆಲವೊಮ್ಮೆ ಗುಮಾಸ್ತರು ಕೈಯಲ್ಲಿ ಬರೆದಿರ್ತಾರೆ, ಪೆನ್ನಿ ಡ್ರಾಪಲ್ಲಿ ಹೋಗೋದು ಕಂಪ್ಯೂಟರಲ್ಲಿರೋ ಹೆಸರು. ಅದನ್ನ ನೋಡೋಕೆ ಸುಲಭದ ದಾರಿ ಇದೆ. ಗೆಳೆಯನ ಫೋನಲ್ಲಿ ಯುಪಿಐ ಆ್ಯಪ್ ತೆಗೆದು ನಿಮ್ಮ ಯುಪಿಐ ಐಡಿ ಹಾಕ್ಸಿ, ದುಡ್ಡು ಕಳಿಸೋ ಮುಂಚೆ ಒಂದು ಹೆಸರು ತೋರಿಸತ್ತೆ. 2025ರ ಜೂನ್ ಕೊನೆಯಿಂದ ಆ ಜಾಗದಲ್ಲಿ ಬ್ಯಾಂಕಲ್ಲಿರೋ ಹೆಸರನ್ನೇ ತೋರಿಸ್ಬೇಕು ಅಂತ ನಿಯಮ ಆಗಿದೆ. ಒಂದೇ ಎಚ್ಚರ, ನಿಮ್ಮ ಯುಪಿಐ ಜೋಡಣೆ ಆಗಿರೋದು ನೀವು ವಿಡ್ರಾ ಹಾಕಿದ ಅಕೌಂಟಿಗೇ ಇರ್ಬೇಕು. ಯುಪಿಐ ಇಲ್ಲ ಅಂದ್ರೆ ನೆಟ್‌ಬ್ಯಾಂಕಿಂಗ್ ಇರೋ ಯಾರಿಗಾದ್ರೂ ನಿಮ್ಮ ಅಕೌಂಟ್ ನಂಬರ್ ಮತ್ತೆ ಐಎಫ್‌ಎಸ್‌ಸಿ ಹಾಕಿ ನೋಡೋಕೆ ಹೇಳಿ, ನೆಫ್ಟ್ ಮತ್ತೆ ಆರ್‌ಟಿಜಿಎಸ್ ಕಳಿಸೋ ಮುಂಚೆ ಎದುರಿನವರ ಹೆಸರು ತೋರಿಸೋ ಸೌಲಭ್ಯ 2025ರ ಏಪ್ರಿಲ್ 1ರೊಳಗೆ ಕೊಡಿ ಅಂತ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು.

ಅಲ್ಲಿ ಕಂಡ ಹೆಸರನ್ನ ಹಾಳೆ ಮೇಲೆ ಪ್ಯಾನ್ ಹೆಸರಿನ ಕೆಳಗೇ ಬರೀರಿ. ಅಷ್ಟಕ್ಕೇ ಅರ್ಧ ಜನರಿಗೆ ತಪ್ಪು ಕಣ್ಣಿಗೆ ಬೀಳತ್ತೆ.

## ಹಂತ 3: ವ್ಯತ್ಯಾಸ ಯಾವ ಥರದ್ದು ಅಂತ ಗುರುತು ಹಿಡೀರಿ

ಮಹಾರಾಷ್ಟ್ರದಲ್ಲಿರೋ ಕನ್ನಡದವ್ರಿಗೆ ಈ ತೊಂದರೆ ಜಾಸ್ತಿ ಆಗೋದಕ್ಕೆ ಕಾರಣ ಇದೆ. ನಮ್ಮ ಕಡೆ ಶಾಲೆಯಲ್ಲಿ ಹೆಸರು ಬರೆದು ಹಿಂದೆ ಒಂದೆರಡು ಇನಿಶಿಯಲ್ ಹಾಕಿ ಬಿಡ್ತಾರೆ, ತಂದೆದೊಂದು ಅಕ್ಷರ, ಊರಿಂದೋ ಮನೆತನದ್ದೋ ಒಂದು ಅಕ್ಷರ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು, ಕೊನೇ ಹೆಸರು ಅನ್ನೋ ಕಾಲಂ ಖಾಲಿ ಬಿಡೋ ಹಾಗಿಲ್ಲ. ಇಲ್ಲಿ ಮಹಾರಾಷ್ಟ್ರದಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ಆಮೇಲೆ ತಂದೆ ಹೆಸರು ಬರೆಯೋ ರೂಢಿ. ಕಾಂಟ್ರಾಕ್ಟರ್ ಒಟ್ಟಿಗೆ ಐವತ್ತು ಜನರಿಗೆ ಸಂಬಳದ ಅಕೌಂಟ್ ತೆಗೆಸ್ವಾಗ ಯಾರೋ ಒಬ್ರು ಫಾರ್ಮ್ ತುಂಬಿರ್ತಾರೆ, ಕಿವಿಗೆ ಕೇಳಿಸಿದ ಹಾಗೆ ಸ್ಪೆಲ್ಲಿಂಗ್ ಹಾಕಿರ್ತಾರೆ.

ಇದರಲ್ಲಿ ಎಲ್ಲ ವ್ಯತ್ಯಾಸನೂ ಒಂದೇ ತೂಕದ್ದಲ್ಲ. ಹೆಸರಿನ ಭಾಗಗಳು ಹಿಂದೆ ಮುಂದೆ ಆಗಿದ್ರೆ ಸಾಮಾನ್ಯವಾಗಿ ಅಡ್ಡಿ ಇಲ್ಲ, ಸಾಫ್ಟ್‌ವೇರುಗಳು ಪದಗಳನ್ನ ಬಿಡಿ ಬಿಡಿಯಾಗಿ ತಗೊಂಡು ಹೋಲಿಸ್ತವೆ. ಮುಂದೆ `MR` ಅಂತಲೋ `SMT` ಅಂತಲೋ ಇದ್ರೂ ಅದನ್ನ ಬಿಟ್ಟು ನೋಡ್ತವೆ. ಸಣ್ಣ ಸ್ಪೆಲ್ಲಿಂಗ್ ವ್ಯತ್ಯಾಸ, `LAXMI` ಮತ್ತೆ `LAKSHMI`, `GOWDA` ಮತ್ತೆ `GAUDA` ಥರದ್ದು, ಒಂದೇ ಇದ್ರೆ ಕೆಲವು ಸಲ ಪಾಸಾಗತ್ತೆ, ಕೆಲವು ಸಲ ಮನುಷ್ಯ ನೋಡೋಕೆ ಹೋಗತ್ತೆ.

ಪೆಟ್ಟು ಕೊಡೋದು ಬೇರೆ ಮೂರು. ಒಂದು, ಇನಿಶಿಯಲ್ ಇದ್ದು ಅಡ್ಡಹೆಸರೇ ಇಲ್ದೇ ಇರೋದು. ಎರಡು, ಮದುವೆ ಆದ್ಮೇಲೆ ಇಲ್ಲಿ ಅಕೌಂಟ್ ತೆಗೆಸಿದ ಹೆಣ್ಮಕ್ಕಳದ್ದು, ಬ್ಯಾಂಕಲ್ಲಿ ಗಂಡನ ಹೆಸರು ಗಂಡನ ಮನೆತನ ಇರತ್ತೆ, ಪ್ಯಾನಲ್ಲಿ ಅಪ್ಪನ ಹೆಸರು ತವರಿನ ಮನೆತನ, ಇಬ್ಬರು ಬೇರೆ ಬೇರೆ ಹೆಂಗಸರ ಥರ ಕಾಣತ್ತೆ. ಮೂರು, ಅಕೌಂಟು ನಿಮ್ಮದೇ ಅಲ್ಲ.

ಈ ಮೂರನೇದರ ಒಳಗೇ ಜಂಟಿ ಖಾತೆನೂ ಬರತ್ತೆ. ಅಪ್ಪನ ಜೊತೆ ಜಂಟಿ ಇದ್ದು ಅಪ್ಪನ ಹೆಸರು ಮೊದಲಿದ್ರೆ, ಸಾಮಾನ್ಯವಾಗಿ ವಾಪಸ್ ಬರೋದು ಮೊದಲ ಹೆಸರು ಮಾತ್ರ. ಪಾಸ್‌ಬುಕ್ಕಲ್ಲಿ ಇಬ್ಬರ ಹೆಸರಿದ್ರೂ ಕಂಪನಿಗೆ ಕಾಣೋದು ಅಪ್ಪ.

## ಹಂತ 4: ಯಾವ ದಾಖಲೆ ಮುಟ್ಬೇಕು, ಯಾವುದನ್ನ ಮುಟ್ಟಬಾರ್ದು

ಇಲ್ಲಿ ಅನುಕ್ರಮ ತಪ್ಪಿದ್ರೆ ಎರಡೆರಡು ಸಲ ಕೆಲಸ ಆಗತ್ತೆ. ಪ್ಯಾನ್ ಹೆಸರನ್ನೇ ಬುಡ ಅಂತ ಇಟ್ಕೊಳ್ಳಿ, ಯಾಕಂದ್ರೆ ಗೇಮ್ ಕಂಪನಿ ಟಿಡಿಎಸ್, ಅಂದ್ರೆ ನಿಮ್ಮ ಗೆಲುವಲ್ಲಿ ಮೊದಲೇ ಹಿಡ್ಕೊಳ್ಳೋ ತೆರಿಗೆ, ಕಟ್ಟೋದು ಪ್ಯಾನ್ ಮೇಲೆ. 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ ಶೇಕಡಾ 30 ಹಿಡಿದು, ವಿಡ್ರಾ ಮಾಡುವಾಗಲೋ ಆರ್ಥಿಕ ವರ್ಷದ ಕೊನೆಗೋ ಕಟ್ಬೇಕು ಅಂತ ನಿಯಮ ಬಂತು. ತೆರಿಗೆ ಒಬ್ಬರ ಪ್ಯಾನಿಗೆ, ದುಡ್ಡು ಇನ್ನೊಬ್ಬರ ಅಕೌಂಟಿಗೆ ಅಂದ್ರೆ ಅವ್ರು ಯಾಕೆ ಒಪ್ಪಲ್ಲ ಅನ್ನೋದು ಇದರಲ್ಲೇ ಗೊತ್ತಾಗತ್ತೆ.

ಪ್ಯಾನ್ ಸರಿ, ಬ್ಯಾಂಕ್ ತಪ್ಪು ಅಂತಿದ್ರೆ ಮೊದಲು ಇದನ್ನ ಯೋಚಿಸಿ: ನಿಮ್ಮದೇ ಇನ್ನೊಂದು ಬ್ಯಾಂಕಲ್ಲಿ, ಊರಲ್ಲಾದ್ರೂ ಸರಿ, ಪ್ಯಾನ್ ಥರಾನೇ ಹೆಸರಿರೋ ಅಕೌಂಟ್ ಇದೆಯಾ? ಇದ್ರೆ ಅದರ ಡೀಟೇಲ್ಸ್ ಕೊಟ್ಟು ಬ್ಯಾಂಕ್ ಬದಲಿಸಿ ಅಂತ ಕಂಪನಿಗೆ ಬರೀರಿ, ಬ್ರಾಂಚ್ ಓಡಾಟನೇ ಬೇಡ. ಇದು ಎಲ್ಲಕ್ಕಿಂತ ಬೇಗ ಆಗೋ ದಾರಿ, ಆದ್ರೂ ಯಾರಿಗೂ ಹೊಳೆಯಲ್ಲ. ಇಲ್ಲ ಅಂದ್ರೆ ಇರೋ ಅಕೌಂಟಲ್ಲೇ ಹೆಸರು ಸರಿ ಮಾಡ್ಸಿ, ಅದು ಹಂತ 5.

ಪ್ಯಾನೇ ತಪ್ಪಿದ್ರೆ ಸ್ವಲ್ಪ ದೂರದ ದಾರಿ. ಆಧಾರ್ ಮೊದಲು, ಪ್ಯಾನ್ ಆಮೇಲೆ, ಬ್ಯಾಂಕ್ ಕೊನೆಗೆ. ಆಧಾರ್ ಸರಿ ಇದ್ರೆ ಅದನ್ನ ಮುಟ್ಟಲೇ ಬೇಡಿ, ಆಧಾರಲ್ಲಿ ಹೆಸರು ಬದಲಿಸೋಕೆ ಜೀವಮಾನದಲ್ಲಿ ಎರಡೇ ಅವಕಾಶ. ಅವಸರದಲ್ಲಿ ಒಂದನ್ನ ತಪ್ಪು ಸ್ಪೆಲ್ಲಿಂಗಿಗೆ ಕಳ್ಕೊಂಡವ್ರಿದ್ದಾರೆ. ಪ್ಯಾನ್ ತಿದ್ದುಪಡಿ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಸೈಟಲ್ಲಿ ಆಗತ್ತೆ, ಆಧಾರ್ ಆಧಾರದ ಮೇಲೆ ಮಾಡಿದ್ರೆ ಆಧಾರಲ್ಲಿರೋ ಹೆಸರೇ ಅಕ್ಷರ ಬಿಡದೆ ಪ್ಯಾನಿಗೆ ಬರತ್ತೆ, ಅದಕ್ಕೇ ಈ ಅನುಕ್ರಮ. ಸೈಬರ್ ಕೆಫೆಯಲ್ಲಿ ಮಾಡಿಸೋರು ಒಂದು ಗಮನಿಸಿ, ನಿಮಗೆ ಬೇಕಾಗಿರೋದು ತಿದ್ದುಪಡಿ, ಹೊಸ ಪ್ಯಾನ್ ಅಲ್ಲ. ಎರಡು ಪ್ಯಾನ್ ಇಟ್ಕೊಂಡ್ರೆ ಹತ್ತು ಸಾವಿರ ದಂಡ ಇದೆ.

ಗೇಮ್ ಅಕೌಂಟ್ ಕೆವೈಸಿ ಬೇರೆಯವ್ರ ಪ್ಯಾನಲ್ಲಿ ಆಗಿದ್ರೆ, ಅಣ್ಣಂದೋ ಮಾವಂದೋ, ಇದು ತಿದ್ದುಪಡಿಯಿಂದ ಸರಿ ಹೋಗೋ ವಿಷಯ ಅಲ್ಲ. ಕಂಪನಿಯ ಲೆಕ್ಕದಲ್ಲಿ ಆ ಅಕೌಂಟು ಅವ್ರದು, ದುಡ್ಡು ಹೋಗೋದೂ ಅವ್ರ ಬ್ಯಾಂಕಿಗೇ. ಅವ್ರನ್ನ ಕೂರಿಸ್ಕೊಂಡು ಅವ್ರದೇ ಅಕೌಂಟ್ ಹಾಕಿ ತೆಗೀರಿ, ತೆರಿಗೆ ಅವ್ರ ಲೆಕ್ಕಕ್ಕೆ ಬರತ್ತೆ ಅಂತ ಮೊದಲೇ ಹೇಳಿ.

ಮಾಡಲೇಬಾರದ್ದೂ ಹೇಳ್ಬಿಡ್ತೀನಿ. ಪಾಸ್‌ಬುಕ್ ಫೋಟೋದಲ್ಲಿ ಹೆಸರು ಎಡಿಟ್ ಮಾಡಿ ಅಪ್‌ಲೋಡ್ ಮಾಡ್ಬೇಡಿ. ಕಂಪನಿ ಹತ್ರ ಪೆನ್ನಿ ಡ್ರಾಪಿನ ಹೆಸರು ಆಗ್ಲೇ ಇದೆ, ಎರಡನ್ನೂ ಪಕ್ಕ ಇಟ್ರೆ ಸಿಕ್ಕಿಬೀಳ್ತೀರ, ಅಲ್ಲಿಗೆ ಅದು ನಕಲಿ ದಾಖಲೆ ಕೇಸು. ಹಾಗೇ ಕಮಿಷನ್ ತಗೊಂಡು ತನ್ನ ಅಕೌಂಟಲ್ಲಿ ತೆಗೆದು ಕೊಡ್ತೀನಿ ಅನ್ನೋರ ಹತ್ರ ಹೋಗ್ಬೇಡಿ, ಅಂಥವ್ರ ಅಕೌಂಟುಗಳು ಸೈಬರ್ ಪೊಲೀಸ್ ದೂರಲ್ಲಿ ಫ್ರೀಜ್ ಆದ್ರೆ ನಿಮ್ಮ ದುಡ್ಡೂ ಒಳಗೇ, ನಿಮ್ಮ ಹೆಸರೂ ಒಳಗೇ.

## ಹಂತ 5: ಬ್ರಾಂಚಲ್ಲಿ ಹೆಸರು ತಿದ್ದಿಸೋದು

ಸಣ್ಣ ಸ್ಪೆಲ್ಲಿಂಗ್ ತಪ್ಪು, ಇನಿಶಿಯಲ್ ಬಿಡಿಸೋದು, ಬಿಟ್ಟುಹೋದ ಅಡ್ಡಹೆಸರು ಸೇರಿಸೋದು, ಇಷ್ಟಕ್ಕೆ ಸಾಮಾನ್ಯವಾಗಿ ಪ್ಯಾನ್ ಮತ್ತೆ ಆಧಾರ್ ಸಾಕು, ಎರಡರಲ್ಲೂ ಹೆಸರು ಒಂದೇ ಥರ ಇದ್ರೆ. ಒರಿಜಿನಲ್ ತಗೊಂಡೋಗಿ, ಜೆರಾಕ್ಸ್ ಮೇಲೆ ನಿಮ್ಮ ಸಹಿ ಹಾಕಿ. ಪುಣೆ ಮುಂಬೈ ಬ್ರಾಂಚಲ್ಲಿ 'ನಾವ್ ದುರುಸ್ತಿ' ಅಂತ ಕೇಳಿದ್ರೆ ಸರಿಯಾದ ಟೇಬಲ್ಲಿಗೆ ಕಳಿಸ್ತಾರೆ. ಗೇಮಿನ ಕಥೆ ಅಲ್ಲಿ ಹೇಳೋ ಅಗತ್ಯ ಇಲ್ಲ, ಪ್ಯಾನ್ ಪ್ರಕಾರ ಹೆಸರು ಸರಿ ಮಾಡಿ ಅನ್ನೋದು ಪೂರ್ತಿ ನಿಜವಾದ ಕಾರಣಾನೇ.

ಮದುವೆ ಆಗಿ ಹೆಸರು ಬದಲಾಗಿದ್ರೆ ಸರ್ಕಾರ ಕೊಟ್ಟ ಮದುವೆ ಸರ್ಟಿಫಿಕೇಟ್ ಬೇಕು, ಪೂರ್ತಿ ಹೆಸರೇ ಬೇರೆ ಆಗಿದ್ರೆ ಗೆಜೆಟ್ ಪ್ರಕಟಣೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಈ ಎರಡೂ ದಾಖಲೆಗೆ ಜಾಗ ಇದೆ. ಮದುವೆ ಹಾಲಿನವ್ರು ಕೊಟ್ಟ ಪತ್ರ ನಡೆಯಲ್ಲ, ಊರಲ್ಲಿ ರಿಜಿಸ್ಟರ್ ಮಾಡಿಸದೇ ಇದ್ರೆ ಅದನ್ನ ಮೊದಲು ಮಾಡಿಸ್ಬೇಕು.

ಈಗ ಹೆಚ್ಚಿನ ಜನ ಎಡವೋ ಜಾಗ. ಬ್ಯಾಂಕ್ ಕಂಪ್ಯೂಟರಲ್ಲಿ ಗ್ರಾಹಕರ ಹೆಸರು ಅಂತ ಒಂದು ಕಡೆ ಇರತ್ತೆ, ಆ ಅಕೌಂಟಿನ ಹೆಸರು ಅಂತ ಇನ್ನೊಂದು ಕಡೆ ಇರತ್ತೆ. ಕೆಲವು ಬ್ಯಾಂಕಲ್ಲಿ ಮೊದಲನೇದನ್ನ ತಿದ್ದಿದ್ರೆ ಎರಡನೇದು ತಾನಾಗಿ ಬದಲಾಗಲ್ಲ. ಬ್ರಾಂಚಿನವ್ರು ಆಯ್ತು ಅಂತಾರೆ, ಮೊಬೈಲ್ ಆ್ಯಪಲ್ಲಿ ಹೊಸ ಹೆಸರು ಕಾಣತ್ತೆ, ನೀವು ಖುಷಿಯಾಗಿ ವಿಡ್ರಾ ಹಾಕ್ತೀರ, ಹಳೇ ಹೆಸರೇ ಹೋಗಿ ಮತ್ತೆ ರಿಜೆಕ್ಟು. ಅರ್ಜಿ ಬರೆಯೋವಾಗ್ಲೇ ಗ್ರಾಹಕ ಐಡಿಯಲ್ಲೂ ಅಕೌಂಟಲ್ಲೂ, ಎರಡೂ ಕಡೆ ಹೆಸರು ಬದಲಿಸಿ ಅಂತ ಸ್ಪಷ್ಟವಾಗಿ ಬರೀರಿ, ಅಕೌಂಟ್ ನಂಬರ್ ಹಾಕಿ, ಸ್ವೀಕೃತಿ ಸೀಲ್ ತಗೊಳ್ಳಿ.

ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಅಕೌಂಟ್ ಇರೋವ್ರಿಗೆ ಇನ್ನೊಂದು ಮಾತು. ಅಂಥ ಕೆಲವು ಬ್ಯಾಂಕಿಂದ ಪೆನ್ನಿ ಡ್ರಾಪಿಗೆ ಹೆಸರೇ ವಾಪಸ್ ಬರಲ್ಲ, ಬಂದ್ರೂ ಅರ್ಧಕ್ಕೆ ಕತ್ತರಿಸಿ ಬರತ್ತೆ. ಹೆಸರು ಅಚ್ಚುಕಟ್ಟಾಗಿದ್ದೂ ರಿಜೆಕ್ಟ್ ಆಗ್ತಿದ್ರೆ ಇದೇ ಇರಬಹುದು, ಅಲ್ಲಿ ತಿದ್ದಿಸೋಕೆ ಏನೂ ಇಲ್ಲ. ದೊಡ್ಡ ಬ್ಯಾಂಕಲ್ಲಿ ಇನ್ನೊಂದು ಉಳಿತಾಯ ಖಾತೆ ತೆಗೀರಿ, ಪ್ಯಾನ್ ಕೊಟ್ಟು ತೆಗೆಸೋವಾಗ್ಲೇ ಫಾರ್ಮಲ್ಲಿ ಹೆಸರು ಪ್ಯಾನಲ್ಲಿರೋ ಹಾಗೇ ಬರೆದಿದ್ದಾರಾ ಅಂತ ಕಣ್ಣಾರೆ ನೋಡಿ.

## ಒಂದು ಉದಾಹರಣೆ, ಮೊದಲಿಂದ ಕೊನೇ ತನಕ

ಬರೀ ಉದಾಹರಣೆಗೆ ಒಂದು ಹೆಸರು ಇಟ್ಕೊಳ್ಳೋಣ. ಕಲಬುರಗಿ ಕಡೆಯಿಂದ ಬಂದು ಚಾಕಣಲ್ಲಿ ಕೆಲಸ ಮಾಡೋ ಹುಡುಗ, ರಮ್ಮಿ ಆ್ಯಪಲ್ಲಿ 8,400 ರೂಪಾಯಿ ಉಳಿದಿದೆ. ಹಾಳೆ ಮೇಲೆ ಬರೆದಾಗ ಹೀಗೆ ಬಂತು:

```
PAN    : BASAVARAJ SHIVAPPA HIREMATH
Aadhaar: Basavaraj Shivappa Hiremath
Bank   : BASWARAJ S H
```

ಇದರಲ್ಲಿ ಎರಡು ತಪ್ಪು ಕೂಡ್ಕೊಂಡಿವೆ. `BASAVARAJ` ಹೋಗಿ `BASWARAJ` ಆಗಿದೆ, ಅದೊಂದೇ ಆಗಿದ್ರೆ ಪಾಸಾಗೋ ಸಾಧ್ಯತೆ ಇತ್ತು. ಆದ್ರೆ ಉಳಿದ ಎರಡು ಪದದ ಜಾಗದಲ್ಲಿ ಎರಡೇ ಅಕ್ಷರ ಇದೆ. ಸಾಫ್ಟ್‌ವೇರಿಗೆ ಪೂರ್ತಿ ಹೊಂದೋ ಪದ ಒಂದೂ ಸಿಗಲ್ಲ, ಅಂಕ ನೆಲಕ್ಕೆ ಬೀಳತ್ತೆ.

ಆ ಹುಡುಗ ಗೇಮ್ ಪ್ರೊಫೈಲಲ್ಲಿ ಹೆಸರನ್ನ ಬ್ಯಾಂಕ್ ಥರ ಮಾಡೋಕೆ ಹೋದ್ರೆ ವ್ಯರ್ಥ, ಪ್ಯಾನ್ ಕೆವೈಸಿ ಆದ್ಮೇಲೆ ಆ ಹೆಸರು ಗಟ್ಟಿ. ಪ್ಯಾನನ್ನ `BASWARAJ` ಮಾಡ್ಸೋಕೆ ಹೋದ್ರೆ ಇನ್ನೂ ಅನಾಹುತ, ಈಗ ಹೊಂದ್ಕೊಂಡಿರೋ ಆಧಾರಿಗೂ ಪ್ಯಾನಿಗೂ ಜಗಳ ಹತ್ಕೊಳ್ಳತ್ತೆ. ಇಲ್ಲಿ ಪ್ಯಾನೂ ಆಧಾರೂ ಒಂದೇ ಇರೋದ್ರಿಂದ ತಿದ್ದಬೇಕಾಗಿರೋದು ಬ್ಯಾಂಕ್ ಒಂದೇ. ಬ್ರಾಂಚಲ್ಲಿ ಅರ್ಜಿ, ಎರಡು ಜೆರಾಕ್ಸು, ಎರಡೂ ಕಡೆ ಬದಲಿಸಿ ಅನ್ನೋ ಸಾಲು. ಬ್ಯಾಂಕಿಂದ ಆಯ್ತು ಅಂತ ಎಸ್ಸೆಮ್ಮೆಸ್ ಬಂದ್ಮೇಲೆ ರೂಮ್‌ಮೇಟ್ ಫೋನಲ್ಲಿ ಯುಪಿಐ ಹೆಸರು ನೋಡ್ಬೇಕು. ಅಲ್ಲಿ ಇನ್ನೂ `BASWARAJ S H` ಅಂತಿದ್ರೆ ಅಕೌಂಟಿನ ಹೆಸರು ಬದಲಾಗಿಲ್ಲ, ವಾಪಸ್ ಬ್ರಾಂಚಿಗೆ. `BASAVARAJ SHIVAPPA HIREMATH` ಅಂತ ಬಂದ ದಿನ ಮಾತ್ರ ಮುಂದಿನ ಹಂತ.

## ಹಂತ 6: ಮತ್ತೆ ವಿಡ್ರಾ ಹಾಕೋದು

ಹೆಸರು ಸರಿ ಹೋದ ತಕ್ಷಣ ವಿಡ್ರಾ ಒತ್ಬೇಡಿ. ಗೇಮ್ ಆ್ಯಪಲ್ಲಿ ನಿಮ್ಮ ಅಕೌಂಟಿನ ಹಳೇ ಪರಿಶೀಲನೆ ಸೋತಿದೆ ಅಂತ ಉಳ್ಕೊಂಡಿರತ್ತೆ, ಅದೇ ಫಲಿತಾಂಶನ ಮತ್ತೆ ಬಳಸಬಹುದು. ಬ್ಯಾಂಕ್ ಅಕೌಂಟನ್ನ ಅಲ್ಲಿ ತೆಗೆದು ಹೊಸದಾಗಿ ಸೇರಿಸಿ, ಆವಾಗ ಹೊಸ ಪೆನ್ನಿ ಡ್ರಾಪ್ ಆಗತ್ತೆ. ತೆಗೆಯೋಕೆ ಬಿಡ್ಲಿಲ್ಲ ಅಂದ್ರೆ ಹೆಲ್ಪ್ ವಿಭಾಗದಲ್ಲಿ ಟಿಕೆಟ್ ಹಾಕಿ. ಕಥೆ ಬೇಡ, ಬ್ಯಾಂಕಲ್ಲಿ ಹೆಸರು ಪ್ಯಾನ್ ಪ್ರಕಾರ ತಿದ್ದಿಸಿದೀನಿ, ಖಾತೆಯನ್ನ ಮತ್ತೆ ಪರಿಶೀಲಿಸಿ ಅನ್ನೋ ಒಂದು ಸಾಲು, ಹೊಸ ಹೆಸರಿರೋ ಸ್ಟೇಟ್‌ಮೆಂಟಿನ ಪಿಡಿಎಫ್, ಹಳೇ ರಿಜೆಕ್ಟಿನ ಸ್ಕ್ರೀನ್‌ಶಾಟ್, ಅಷ್ಟೇ ಸಾಕು. ಸ್ಟೇಟ್‌ಮೆಂಟನ್ನ ನೆಟ್‌ಬ್ಯಾಂಕಿಂಗಿಂದ ಇಳಿಸಿದ ಹಾಗೇ ಕಳಿಸಿ, ಫೋಟೋ ಹೊಡೆದು ಕತ್ತರಿಸಿದ್ದು ಕೊಟ್ರೆ ಅದನ್ನೇ ಕಾರಣ ಮಾಡಿ ತಿರುಗಿಸ್ತಾರೆ.

ಪರಿಶೀಲನೆ ಪಾಸ್ ಅಂತ ಬಂದ್ಮೇಲೆ ಮೊದಲು ಆ್ಯಪ್ ಬಿಡೋ ಕನಿಷ್ಠ ಮೊತ್ತ ಹಾಕಿ. ಅದು ಅಕೌಂಟಿಗೆ ಬಂದ್ಮೇಲೆ ಉಳಿದಿದ್ದು. ಬೋನಸ್ ಅಂತ ತೋರಿಸೋ ಮೊತ್ತ ಸಾಮಾನ್ಯವಾಗಿ ವಿಡ್ರಾ ಆಗಲ್ಲ, ಅದು ಬರ್ಲಿಲ್ಲ ಅಂತ ಹೆಸರಿನ ತಕರಾರು ಮತ್ತೆ ಶುರುವಾಯ್ತು ಅಂದ್ಕೊಬೇಡಿ.

ವಿಡ್ರಾ ಯಶಸ್ವಿ ಅಂತ ತೋರಿಸಿ ಬ್ಯಾಂಕಿಗೆ ಬರದೇ ಇದ್ರೆ ಆ ವ್ಯವಹಾರದ ಯುಟಿಆರ್ ನಂಬರ್, ಅಂದ್ರೆ ದುಡ್ಡು ಕಳಿಸಿದಾಗ ಬ್ಯಾಂಕಲ್ಲಿ ಹುಟ್ಟೋ ಗುರುತಿನ ನಂಬರ್, ಕೇಳಿ. ಯುಟಿಆರ್ ಇದೆ ಅಂದ್ರೆ ದುಡ್ಡು ಕಂಪನಿಯಿಂದ ನಿಜವಾಗ್ಲೂ ಹೊರಟಿದೆ, ಆವಾಗ ಮಾತ್ರ ಬ್ಯಾಂಕಲ್ಲಿ ಹುಡುಕ್ಸೋದಕ್ಕೆ ಅರ್ಥ. ಯುಟಿಆರ್ ಕೊಡಕ್ಕಾಗಲ್ಲ ಅಂದ್ರೆ ದುಡ್ಡು ಹೊರಟೇ ಇಲ್ಲ.

## ಹಂತ 7: ಎಲ್ಲ ಸರಿ ಇದ್ದೂ ಬಿಡ್ತಿಲ್ಲ ಅಂದ್ರೆ

ಆ್ಯಪಿನ ಚಾಟಲ್ಲಿ ತಿರುಗಾಡೋದು ಬಿಟ್ಟು ಕಂಪನಿಯ ಸೈಟಲ್ಲಿ ದೂರು ಅಧಿಕಾರಿ ಅಂತ ಹಾಕಿರೋ ಇಮೇಲಿಗೆ ಬರೀರಿ, ಟಿಕೆಟ್ ನಂಬರು ಹಾಕಿ. ಅಲ್ಲೂ ಉತ್ತರ ಇಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬ್ಯಾಂಕಿನವ್ರು ದಾಖಲೆ ತಗೊಂಡು ಹೆಸರು ತಿದ್ದದೇ ಸುಮ್ನೆ ಕೂತಿದ್ರೆ ಅದು ಬೇರೆ ದೂರು, ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದೇ ಇದ್ರೆ cms.rbi.org.in ಅಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಹತ್ರ ಹಾಕಬಹುದು. ಆದ್ರೆ ಗೇಮ್ ಕಂಪನಿ ಮೇಲಿನ ದೂರನ್ನ ಅಲ್ಲಿ ಹಾಕಿದ್ರೆ ತಗೊಳ್ಳಲ್ಲ, ಅವ್ರು ನೋಡೋದು ಬ್ಯಾಂಕಿನ ಲೋಪ ಮಾತ್ರ.

ಒಂದು ಅಪಾಯದ ಗುರುತು ಮಾತ್ರ ಗಟ್ಟಿಯಾಗಿ ಹೇಳ್ಬೇಕು. ಹೆಸರು ಹೊಂದ್ತಿಲ್ಲ, ಸರಿ ಮಾಡೋಕೆ ಇಷ್ಟು ದುಡ್ಡು ಡಿಪಾಸಿಟ್ ಕಟ್ಟಿ, ಅಥವಾ ಮೊದಲು ತೆರಿಗೆ ಕಟ್ಟಿ ಆಮೇಲೆ ವಿಡ್ರಾ ಬಿಡ್ತೀವಿ ಅಂತ ಯಾರಾದ್ರೂ ಅಂದ್ರೆ ಅದು ಮೋಸ. ಟಿಡಿಎಸ್ಸನ್ನ ನಿಮ್ಮ ಮೊತ್ತದಲ್ಲೇ ಕಡಿತಾರೆ, ಮೇಲಿಂದ ಕಟ್ಟಿಸ್ಕೊಳ್ಳಲ್ಲ. ಹೆಸರಿನ ಪರಿಶೀಲನೆಗೆ ನಿಮ್ಮಿಂದ ಫೀಸು ಇಲ್ಲ, ಅವ್ರೇ ಒಂದು ರೂಪಾಯಿ ಕಳಿಸೋದು. ವಾಟ್ಸಾಪಲ್ಲಿ ಕಸ್ಟಮರ್ ಕೇರ್ ಅಂತ ಬಂದು ಸ್ಕ್ರೀನ್ ಶೇರ್ ಮಾಡಿ ಅನ್ನೋರೂ ಇದೇ ಜಾತಿ. ದುಡ್ಡು ಕಳಿಸಿಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, cybercrime.gov.in ಅಲ್ಲಿ ದಾಖಲಿಸಿ, ಎಷ್ಟು ಬೇಗ ಹೇಳ್ತೀರೋ ಆ ದುಡ್ಡು ಮುಂದೆ ಹೋಗದ ಹಾಗೆ ತಡೆಯೋ ಸಾಧ್ಯತೆ ಅಷ್ಟು ಜಾಸ್ತಿ.

## ಹಂತ 8: ದುಡ್ಡು ಬಂದ್ಮೇಲೆ

ಟಿಡಿಎಸ್ ಕಡಿದಿದ್ರೆ ಆದಾಯ ತೆರಿಗೆ ಸೈಟಲ್ಲಿ ನಿಮ್ಮ ಪ್ಯಾನ್ ಹಾಕಿ ಲಾಗಿನ್ ಆಗಿ, ಆ ಮೊತ್ತ ನಿಮ್ಮ ಲೆಕ್ಕಕ್ಕೆ ಬಂದಿದೆಯಾ ನೋಡಿ. ಕಂಪನಿಗಳು ಇದನ್ನ ಮೂರು ತಿಂಗಳಿಗೊಮ್ಮೆ ಸಲ್ಲಿಸೋದ್ರಿಂದ ಮರುದಿನಾನೇ ಕಾಣಲ್ಲ. ಈ ಗೆಲುವಿನ ಮೇಲೆ ನೇರ ಶೇಕಡಾ 30 ತೆರಿಗೆ, ನಿಮ್ಮ ಸಂಬಳ ಕಡಿಮೆ ಇದೆ ಅಂತ ಆ ಟಿಡಿಎಸ್ ವಾಪಸ್ ಬರಲ್ಲ, ಆದ್ರೂ ರಿಟರ್ನಲ್ಲಿ ತೋರಿಸಲೇಬೇಕು. ರಿಟರ್ನ್ ತುಂಬೋವಾಗ ರೀಫಂಡ್ ಬರೋಕೆ ಕೊಡೋ ಬ್ಯಾಂಕ್ ಅಕೌಂಟನ್ನೂ ಆ ಸೈಟು ಪ್ಯಾನ್ ಹೆಸರಿನ ಜೊತೆ ಹೋಲಿಸಿ ನೋಡತ್ತೆ, ಈಗ ತಿದ್ದಿಸಿರೋ ಅಕೌಂಟನ್ನೇ ಅಲ್ಲೂ ಕೊಡಿ. ಬ್ಯಾಂಕಿನ ಸ್ವೀಕೃತಿ, ಟಿಕೆಟ್ ನಂಬರು, ಯುಟಿಆರ್ ಎಲ್ಲ ಒಂದು ಫೋಲ್ಡರಲ್ಲಿ ಇಟ್ಟು, ವ್ಯಾಲೆಟ್ ಸೊನ್ನೆ ಆದ ದಿನ ಗೇಮ್ ಅಕೌಂಟನ್ನ ಮುಚ್ಚಿ, ನನ್ನ ಬ್ಯಾಂಕ್ ಮತ್ತೆ ಪ್ಯಾನ್ ಮಾಹಿತಿ ಅಳಿಸಿ ಅಂತ ಅದೇ ಇಮೇಲಿಗೆ ಬರೆದು ಕಳಿಸಿ.